ಅಂಕಗಳ ಆವೃತ್ತಿ ಪಟ್ಟಿ: ಕೈ ಎಣಿಕೆಗೂ FREQUENCY ಎಣಿಕೆಗೂ ಏಕೆ ವ್ಯತ್ಯಾಸ?

ಪಾಂಡವಪುರದ ಶಿಕ್ಷಕಿ ಕೇಳಿದ್ದು: 50 ಅಂಕಗಳ ಪರೀಕ್ಷೆ ಬರೆದ 40 ಮಕ್ಕಳ ಅಂಕಗಳನ್ನು 0-10, 10-20 ಹೀಗೆ ಐದು ವರ್ಗಾಂತರಗಳಾಗಿ ವಿಂಗಡಿಸಿದ್ದೇನೆ. ತಾಳೆ ಗುರುತು ಹಾಕಿ ಎಣಿಸಿದರೆ 4, 9, 14, 8, 5 ಬರುತ್ತದೆ. 10, 20, 30, 40, 50 ಎಂದು ಮಿತಿ ಕೊಟ್ಟರೆ ಎಕ್ಸೆಲ್‌ನ FREQUENCY 7, 8, 16, 5, 4 ಕೊಡುತ್ತದೆ. ಅನುಭವವಿದ್ದವರು ತಿಳಿಸಿ.

ಮೈಸೂರು, ಕಾಲೇಜು ಕಚೇರಿ ಸಿಬ್ಬಂದಿ: ನೀವು ಬರೀ Enter ಒತ್ತಿರಬೇಕು ಮೇಡಂ. ನಮ್ಮ ಕಚೇರಿಯಲ್ಲಿ ಇನ್ನೂ ಎಕ್ಸೆಲ್ 2010 ಇದೆ. ಅದರಲ್ಲಿ ಉತ್ತರ ಬರಬೇಕಾದ ಸೆಲ್‌ಗಳನ್ನೆಲ್ಲ ಮೊದಲೇ ಆಯ್ದು, ಸೂತ್ರ ಬರೆದು, Ctrl+Shift+Enter ಒತ್ತಬೇಕು. ನನಗಿಂತ ಮೊದಲು ಇದ್ದವರು ಒಂದು ಸೆಲ್‌ನಲ್ಲಿ ಸೂತ್ರ ಹಾಕಿ ಕೆಳಕ್ಕೆ ಎಳೆದಿದ್ದರು. ಎಳೆದಾಗ ವ್ಯಾಪ್ತಿಯೂ ಜಾರುವುದರಿಂದ ಪ್ರತಿ ಸೆಲ್ ತನ್ನ ಎದುರಿನ ಮಿತಿಯವರೆಗಿನ ಎಲ್ಲರನ್ನೂ ಎಣಿಸಿ, ಹೆಚ್ಚುಕಡಿಮೆ ಸಂಚಿತ ಆವೃತ್ತಿಯನ್ನೇ ಕೊಟ್ಟಿತ್ತು. ಆ ಪಟ್ಟಿಯಿಂದ ತಯಾರಾದ ವರದಿಯನ್ನು ಇಡೀ ವಿಭಾಗಕ್ಕೆ ಮತ್ತೆ ಮುದ್ರಿಸಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಮದ್ದೂರು, ಗಣಿತ ಶಿಕ್ಷಕ: ಸರ್, ನೀವು ಹೇಳಿದ್ದು ನಿಮ್ಮ ಕಚೇರಿಗೆ ಸರಿ, ಮೇಡಂ ಅವರ ಪಟ್ಟಿಗಲ್ಲ. ಎಳೆದ ಸೂತ್ರವಾಗಿದ್ದರೆ ಸಂಖ್ಯೆಗಳು ಏರುತ್ತಾ ಹೋಗುತ್ತಿದ್ದವು. ಇಲ್ಲಿ 16ರ ನಂತರ 5 ಬಂದಿದೆ.

ನಾವು ತರಗತಿಯಲ್ಲಿ 10 ಅಂಕ ಪಡೆದವರನ್ನು 10-20ರ ಸಾಲಿಗೆ ಸೇರಿಸುತ್ತೇವೆ. FREQUENCY ಹಾಗೆ ಮಾಡುವುದಿಲ್ಲ. ನಾವು ಕೊಟ್ಟ ಮಿತಿಯನ್ನೂ ಸೇರಿಸಿಕೊಂಡು ಅದರವರೆಗೆ ಎಣಿಸುತ್ತದೆ. ನಿಮ್ಮ ಎರಡು ಪಟ್ಟಿಗಳನ್ನು ಹೋಲಿಸಿದರೆ ಸರಿಯಾಗಿ 10 ಪಡೆದವರು 3, 20 ಪಡೆದವರು 2, 30 ಪಡೆದವರು 4, 40 ಪಡೆದವನು 1 ಎಂದು ಲೆಕ್ಕ ಸಿಗುತ್ತದೆ. ಅವರೆಲ್ಲರೂ ಒಂದೊಂದು ಸಾಲು ಮೇಲಕ್ಕೆ ಹೋಗಿದ್ದಾರೆ. ಎರಡೂ ಪಟ್ಟಿಗಳ ಮೊತ್ತ 40 ಆಗಿರುವುದರಿಂದ ಮೊತ್ತ ತಾಳೆ ನೋಡಿದರೆ ಈ ದೋಷ ಗೊತ್ತೇ ಆಗುವುದಿಲ್ಲ.

ಮಿತಿಗಳನ್ನು D2ರಿಂದ D5ರವರೆಗೆ 9, 19, 29, 39 ಎಂದು ನಾಲ್ಕೇ ಕೊಡಿ, ಉತ್ತರಕ್ಕೆ ಐದು ಸೆಲ್ ಇಡಿ.

```
=FREQUENCY(B2:B41,D2:D5)
```

ಕೊನೆಯ ಮಿತಿಗಿಂತ ಹೆಚ್ಚಿರುವುದನ್ನೆಲ್ಲ ಅದು ಒಂದು ಹೆಚ್ಚುವರಿ ಸೆಲ್‌ನಲ್ಲಿ ಕೊಡುತ್ತದೆ. 40ರಿಂದ 50ರವರೆಗಿನವರು, 50 ಪಡೆದವರೂ ಸೇರಿ, ಅಲ್ಲಿಗೆ ಬರುತ್ತಾರೆ. ನಿಮ್ಮ 4, 9, 14, 8, 5 ಹಾಗೆಯೇ ಸಿಗುತ್ತದೆ. ಅರ್ಧ ಅಂಕ ಕೊಡುವವರು ಮಾತ್ರ 9ರ ಬದಲು 9.99 ಎಂದು ಬರೆಯಬೇಕು, ಇಲ್ಲವಾದರೆ 9.5 ಪಡೆದ ಮಗು 10-20ರ ಸಾಲಿಗೆ ಹೋಗುತ್ತದೆ.

ಮೈಸೂರು, ಟ್ಯೂಷನ್ ನಡೆಸುವವರು: ಇಷ್ಟೆಲ್ಲ ಸುತ್ತಾಟ ಏಕೆ? ನಾನು FREQUENCY ಬಿಟ್ಟು ಬಹಳ ಕಾಲವಾಯಿತು. ನನ್ನ ಪಟ್ಟಿಯಲ್ಲಿ ಒಂದು ವರ್ಗಾಂತರ ತೆಗೆಯಲು ಹೋದರೆ ಅರೇಯ ಒಂದು ಭಾಗವನ್ನು ಬದಲಿಸಲಾಗದು ಎಂದು ಎಕ್ಸೆಲ್ ತಡೆಯುತ್ತಿತ್ತು. ಪೋಷಕರ ಸಭೆಯ ಹಿಂದಿನ ರಾತ್ರಿ ಇಡೀ ಪಟ್ಟಿಯನ್ನು ಅಳಿಸಿ ಮತ್ತೆ ಕಟ್ಟಬೇಕಾಯಿತು. ಈಗ ಪ್ರತಿ ಸಾಲಿಗೂ ಹೀಗೆ ಬರೆಯುತ್ತೇನೆ, ಗಡಿಯ ಅಂಕ ಯಾವ ಕಡೆಗೆ ಹೋಗಬೇಕೆಂಬುದು ಕಣ್ಣಿಗೆ ಕಾಣುತ್ತದೆ.

```
=COUNTIFS(B$2:B$41,">=10",B$2:B$41,"<20")
```

ಮದ್ದೂರು, ಗಣಿತ ಶಿಕ್ಷಕ: ನಿಮ್ಮ ಕ್ರಮದಲ್ಲಿ ಕೊನೆಯ ಸಾಲಿಗೆ "<50" ಎಂದು ಬರೆದರೆ ಪೂರ್ಣಾಂಕ ಪಡೆದ ಮಗುವೇ ಪಟ್ಟಿಯಿಂದ ಹೊರಗುಳಿಯುತ್ತದೆ. ಐದು ಸೂತ್ರಗಳನ್ನು ಬೇರೆ ಬೇರೆಯಾಗಿ ತಿದ್ದುವಲ್ಲಿ ತಪ್ಪಾಗುವ ಸಾಧ್ಯತೆ ಹೆಚ್ಚು.

ಮೈಸೂರು, ಟ್ಯೂಷನ್ ನಡೆಸುವವರು: ಕೊನೆಯ ಸಾಲಿಗೆ "<=50" ಎಂದು ಬರೆಯುವಷ್ಟು ಎಚ್ಚರ ನನಗಿದೆ ಸರ್. ಮಿತಿಯನ್ನು 9 ಎಂದು ಬರೆದು ಎದುರಿಗೆ 0-10 ಎಂದು ಹೆಸರಿಟ್ಟರೆ ನಿಮ್ಮ ನಂತರ ಬರುವವರಿಗೆ ಅರ್ಥವಾಗುತ್ತದೆಯೇ?

ಶ್ರೀರಂಗಪಟ್ಟಣ, ಬಿ.ಇಡಿ. ವಿದ್ಯಾರ್ಥಿ: ನನ್ನ ತೊಂದರೆ ಬೇರೆಯೇ ಆಗಿತ್ತು. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಅಂಕಗಳಲ್ಲಿ ಕೆಲವು ಪಠ್ಯವಾಗಿ ಕುಳಿತಿದ್ದವು. ಸೆಲ್‌ನ ಮೂಲೆಯಲ್ಲಿ ಹಸಿರು ತ್ರಿಕೋನ ಇತ್ತು, ಅಂಕಗಳು ಎಡಕ್ಕೆ ಅಂಟಿಕೊಂಡಿದ್ದವು. FREQUENCY ಅವನ್ನು ಎಣಿಸದೆ, ದೋಷವನ್ನೂ ತೋರಿಸದೆ ಮುಂದೆ ಹೋಯಿತು. `=COUNT(B2:B41)` ಮತ್ತು `=COUNTA(B2:B41)` ಎರಡನ್ನೂ ಬರೆದಾಗ ಬಂದ ಅಂತರವೇ ಸುಳಿವು ಕೊಟ್ಟಿತು. ಕಾಲಂ ಆಯ್ದು Text to Columns ತೆರೆದು ನೇರ Finish ಒತ್ತಿದ ಮೇಲೆ ಅವು ಸಂಖ್ಯೆಗಳಾದವು. ಗೈರುಹಾಜರಾದವರಿಗೆ ಹಾಕಿದ್ದ AB ಮಾತ್ರ ಲೆಕ್ಕದ ಹೊರಗೆ ಉಳಿಯಿತು.

ಮೈಸೂರು, ಕಾಲೇಜು ಕಚೇರಿ ಸಿಬ್ಬಂದಿ: ನಮ್ಮಲ್ಲಿ ಗೈರಾದವರಿಗೂ 0 ಹಾಕಲೇಬೇಕು, ಒಟ್ಟು ಸಂಖ್ಯೆ ದಾಖಲಾತಿಗೆ ಹೊಂದಬೇಕಲ್ಲವೇ?

ಮದ್ದೂರು, ಗಣಿತ ಶಿಕ್ಷಕ: ಹಾಗೆ ಮಾಡಿದರೆ ಬರೆಯದವನೂ ಬರೆದು ಸೊನ್ನೆ ಪಡೆದವನೂ 0-10ರ ಸಾಲಿನಲ್ಲಿ ಒಂದೇ ಆಗುತ್ತಾರೆ. ಗೈರಾದವರಿಗೆ ಪಟ್ಟಿಯ ಕೆಳಗೆ ಬೇರೆ ಸಾಲು ಕೊಡಿ.

ಮೈಸೂರು, ಕಾಲೇಜು ಕಚೇರಿ ಸಿಬ್ಬಂದಿ: ನಮಗೆ ಕೊಟ್ಟಿರುವ ನಮೂನೆಯಲ್ಲಿ ಆ ಸಾಲೇ ಇಲ್ಲ ಸರ್.