ಹೆಪ್ಪು ಹಾಕಿದರೂ ಹಾಲು ಹಾಲಾಗೇ ಉಳಿದಿದೆ: ಡೇರಿ ತಜ್ಞೆಯ ಜೊತೆ ಪ್ರಶ್ನೋತ್ತರ

ಗಿರಿಜಾ, ಸಾಗರ: ಮೇಡಂ, ಮನೆ ಹಸುವಿನ ಹಾಲು ಈಚೆಗೆ ಹೆಪ್ಪುಗಟ್ತಾನೇ ಇಲ್ಲ. ರಾತ್ರಿ ಹೆಪ್ಪು ಹಾಕಿದ್ರೆ ಬೆಳಿಗ್ಗೆ ಹಾಲು ಹಾಗೇ ಇರುತ್ತೆ. ಮಧ್ಯಾಹ್ನದ ಹೊತ್ತಿಗೆ ನೀರೊಡೆದು ನೊರೆ ಬಂದು ಗಬ್ಬು ವಾಸನೆ. ಪಕ್ಕದ ಮನೆಯಿಂದ ಹೆಪ್ಪು ತಂದು ಹಾಕಿದ್ರೂ ಅಷ್ಟೇ.

ವೀಣಾ ಮೇಡಂ: ಹಸುವಿಗೆ ಕೆಚ್ಚಲು ಬಾವು ಆಗಿತ್ತಾ? ಔಷಧಿ ಕೊಡಿಸಿದ್ರಾ?

ಗಿರಿಜಾ: ಹೌದು. ಒಂದು ಮೊಲೆಗೆ ಟ್ಯೂಬ್ ಏರಿಸಿ ಇಂಜೆಕ್ಷನ್ನೂ ಕೊಟ್ರು. ಆ ಮೊಲೆ ಹಾಲು ಚೆಲ್ತೀವಿ, ಉಳಿದ ಮೂರರದ್ದು ಬಳಸ್ತೀವಿ. ಮಗುವಿಗೂ ಅದನ್ನೇ ಕಾಯಿಸಿ ಕೊಡೋದು.

ವೀಣಾ ಮೇಡಂ: ಮಗುವಿಗೆ ಕೊಡೋದನ್ನ ಇವತ್ತೇ ನಿಲ್ಲಿಸಿ. ಇಂಜೆಕ್ಷನ್ ಔಷಧಿ ರಕ್ತದ ಮೂಲಕ ನಾಲ್ಕೂ ಮೊಲೆಗೆ ಇಳಿಯುತ್ತೆ, ಒಂದು ಮೊಲೆಯದ್ದು ಚೆಲ್ಲಿದ್ರೆ ಸಾಲದು.

ಮೊಸರು ಕಟ್ಟೋದು ಹೆಪ್ಪಿನಲ್ಲಿರೋ ಬ್ಯಾಕ್ಟೀರಿಯಾದಿಂದ. ಅವು ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡ್ತವೆ. ಹುಳಿ ಏರಿ ಪಿಎಚ್ 4.6ರ ಹತ್ತಿರ ಬಂದಾಗ ಹಾಲಿನ ಕೇಸಿನ್ ಪ್ರೋಟೀನ್ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತೆ. ಪೆನಿಸಿಲಿನ್ ಜಾತಿಯ ಔಷಧಿ ಚೂರೇ ಚೂರು ಇದ್ರೂ ಸಾಕು, ಈ ಬ್ಯಾಕ್ಟೀರಿಯಾ ಬೆಳೆಯೋದೇ ಇಲ್ಲ. ಆದ್ರೆ ಸಗಣಿ, ಕೈ, ಪಾತ್ರೆಯಿಂದ ಬರೋ ಬೇರೆ ಕೆಲವು ಬ್ಯಾಕ್ಟೀರಿಯಾಗೆ ಆ ಔಷಧಿ ಅಷ್ಟಾಗಿ ತಾಗಲ್ಲ. ಎದುರಾಳಿ ಇಲ್ಲದ ಹಾಲಲ್ಲಿ ಅವು ಬೆಳೆದು ಗಾಳಿ ಬಿಡ್ತವೆ. ನೀವು ಕಂಡ ನೊರೆ, ಗಬ್ಬು ವಾಸನೆ ಬಹುಶಃ ಅದೇ.

ಒಂದು ಪರೀಕ್ಷೆ ಮಾಡಿ. ಒಂದು ಲೋಟ ನಿಮ್ಮ ಹಾಲು, ಒಂದು ಲೋಟ ಪ್ಯಾಕೆಟ್ ಹಾಲು. ಎರಡನ್ನೂ ಕುದಿಸಿ, ಬೆರಳಿಗೆ ಉಗುರುಬೆಚ್ಚಗೆ ಅನ್ನಿಸುವಷ್ಟು ಆರಿಸಿ, ಒಂದೇ ಹೆಪ್ಪಿನಿಂದ ಅರ್ಧರ್ಧ ಚಮಚ ಹಾಕಿ ಒಂದೇ ಜಾಗದಲ್ಲಿಡಿ. ಪ್ಯಾಕೆಟ್ಟಿನದು ಗಟ್ಟಿಯಾಗಿ ನಿಮ್ಮದು ಆಗದಿದ್ರೆ ದೋಷ ಹಾಲಲ್ಲಿ. ಎರಡೂ ಆಗದಿದ್ರೆ ಹೆಪ್ಪೋ ಚಳಿಯೋ ನೋಡಬೇಕು. ಆದ್ರೆ ನಿಮ್ಮ ಹಾಲು ಹೆಪ್ಪುಗಟ್ಟಿದ ಮಾತ್ರಕ್ಕೆ ಔಷಧಿ ಹೋಯ್ತು ಅಂದ್ಕೋಬೇಡಿ. ಎಲ್ಲಾ ಔಷಧಿಯೂ ಇಷ್ಟು ಸುಲಭವಾಗಿ ಸುಳಿವು ಕೊಡಲ್ಲ. ಕೊನೆಯ ಡೋಸಿನಿಂದ ಎಷ್ಟು ದಿನ ಹಾಲು ಬಿಡಬೇಕು ಅಂತ ಪಶುವೈದ್ಯರನ್ನೇ ಕೇಳಿ.

ಮಂಜುನಾಥ್, ಹಾಸನ: ಇಷ್ಟೆಲ್ಲಾ ಯಾಕೆ, ಹಾಲನ್ನ ಮೂರು ಉಕ್ಕು ಬರೋವರೆಗೆ ಕಾಯಿಸಿದ್ರೆ ಎಲ್ಲಾ ಸಾಯುತ್ತೆ.

ವೀಣಾ ಮೇಡಂ: ಬ್ಯಾಕ್ಟೀರಿಯಾ ಸಾಯುತ್ತೆ, ಸರಿ. ಔಷಧಿ ಜೀವ ಅಲ್ಲ, ಸಾಯೋಕೆ. ಮನೆಯಲ್ಲಿ ಕಾಯಿಸಿದ ಮಾತ್ರಕ್ಕೆ ಪೆನಿಸಿಲಿನ್ ಹೋಗಲ್ಲ. ಅದರ ಅಲರ್ಜಿ ಇರೋ ಮಗು ಕುಡಿದ್ರೆ ಏನಾಗಬಹುದು ಯೋಚಿಸಿ.

ಉಷಾ, ಮಡಿಕೇರಿ: ನಮ್ಮನೆ ಮೊಸರು ಚಮಚದಲ್ಲಿ ಎತ್ತಿದ್ರೆ ಲೋಳೆ ಲೋಳೆಯಾಗಿ ದಾರದ ಥರ ಬರುತ್ತೆ. ಇದೂ ಔಷಧಿನಾ?

ವೀಣಾ ಮೇಡಂ: ಅಲ್ಲ. ಹೆಪ್ಪಿನ ಬ್ಯಾಕ್ಟೀರಿಯಾದಲ್ಲಿ ಕೆಲವು ತಳಿಗಳು ಅಂಟಿನಂಥ ಸಕ್ಕರೆ ಎಳೆ ಬಿಡ್ತವೆ, ಚಳಿಯಲ್ಲಿ ನಿಧಾನಕ್ಕೆ ಕಟ್ಟುವಾಗ ಜಾಸ್ತಿ. ಹುಳಿವಾಸನೆ ಸರಿಯಿದ್ರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೆಪ್ಪು ಬದಲಿಸಿ, ಬೆಚ್ಚಗಿನ ಕಡೆ ಇಡಿ.

ರಮೇಶ್, ಬೆಂಗಳೂರು: ಫಾರ್ವರ್ಡ್ ಬಂದಿದೆ: ಹೆಪ್ಪಿನ ಬದಲು ಹಸಿಮೆಣಸಿನಕಾಯಿ ತೊಟ್ಟು, ಹಾಲು ಒಡೆಯದಿರಲು ಚಿಟಿಕೆ ಅಡುಗೆ ಸೋಡಾ. ಗಿರಿಜಾ ಅವರು ಟ್ರೈ ಮಾಡಲಿ.

ವೀಣಾ ಮೇಡಂ: ತೊಟ್ಟಿನ ಮೇಲೂ ಹುಳಿ ಮಾಡೋ ಬ್ಯಾಕ್ಟೀರಿಯಾ ಇರುತ್ತವೆ. ಔಷಧಿ ಇರೋ ಹಾಲಿಗೆ ಬಿದ್ರೆ ಅವಕ್ಕೂ ಅದೇ ಗತಿ. ಸೋಡಾ ಹುಟ್ಟಿದ ಹುಳಿಯನ್ನೇ ಕೊಲ್ಲುತ್ತೆ, ಮೊಸರು ಇನ್ನೂ ತಡ. ಕೆಟ್ಟ ಹಾಲನ್ನ ಮುಚ್ಚಿಡೋ ಉಪಾಯ ಅದು. ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಲಲಿತಾ, ಧಾರವಾಡ: ನಮ್ಮ ಅವ್ವ ತೊಟ್ಟಿನಿಂದಲೇ ಮೊಸರ ಮಾಡ್ತಿದ್ರು, ಯಾರಿಗೂ ಏನೂ ಆಗಿಲ್ರಿ.

ಮಂಜುನಾಥ್: ಅವರ ಕಾಲದಲ್ಲಿ ಹಸುಗೆ ಇಂಜೆಕ್ಷನ್ ಇರಲಿಲ್ಲಮ್ಮಾ. ಈಗ ಪ್ಯಾಕೆಟ್ ಹಾಲೆಲ್ಲಾ ವಿಷ.

ಲಲಿತಾ: ಅಮ್ಮಾ ಅನ್ನಬ್ಯಾಡ್ರಿ. ನಾ ಪ್ಯಾಕೆಟ್ ಹಾಲಿನ ಮಾತೇ ಆಡಿಲ್ಲ.

ಪ್ರಕಾಶ್, ಮಂಡ್ಯ: ಮೇಡಂ, ಸಕ್ಕರೆ ಕಾಯಿಲೆಯವರು ರಾತ್ರಿ ಮೊಸರು ತಿನ್ನಬಹುದಾ?

ರಮೇಶ್: ಮಂಜುನಾಥ್ ಅವರೇ, ವಿಷ ಅನ್ನೋದಕ್ಕೆ ಆಧಾರ ಕೊಡಿ.

ಮಂಜುನಾಥ್: ನೀವು ಫಾರ್ವರ್ಡಿಗೆ ಕೊಟ್ರಾ?

ಸ್ಮಿತಾ, ಮೈಸೂರು: ಹಾಲನ್ನ ಮೂರು ನಾಲ್ಕು ಸಲ ಕುದಿಸಿದ್ರೆ ಔಷಧಿ ಹೋಗಲ್ವಾ ಮೇಡಂ?

ವೀಣಾ ಮೇಡಂ: ಇಲ್ಲ. ಮೇಲೆ ಹೇಳಿದ್ದೀನಿ.

ಗಿರಿಜಾ: ಮೇಡಂ, ಪ್ಯಾಕೆಟ್ ಹಾಲು ಬೆಳಿಗ್ಗೆ ಗಟ್ಟಿ ಮೊಸರಾಗಿದೆ, ನಮ್ಮದು ಹಾಗೇ ಇದೆ. ಮಗುವಿಗೆ ನಿಲ್ಲಿಸಿದ್ವಿ. ಆದ್ರೆ ಇಷ್ಟು ದಿನ ಬೆಳಿಗ್ಗೆದನ್ನ ಡೇರಿಗೆ ಹಾಕ್ತಿದ್ವಿ.

ವೀಣಾ ಮೇಡಂ: ಹಾಕೋದನ್ನ ನಿಲ್ಲಿಸಿ, ಕಾರ್ಯದರ್ಶಿಗೂ ಇವತ್ತೇ ತಿಳಿಸಿ. ಒಂದು ಮನೆಯ ಹಾಲು ಇಡೀ ಕ್ಯಾನಿಗೆ ಸೇರುತ್ತೆ. ಅಲ್ಲಿ ಮೊಸರು ಕಟ್ಟದೆ ಹೋದ್ರೆ ಎಲ್ಲರ ಹಾಲೂ ನಷ್ಟ.

ಗಿರಿಜಾ: ಮನೆಯವರು ಒಪ್ತಿಲ್ಲ. ಹೇಳಿದ್ರೆ ಮುಂದೆ ನಮ್ಮ ಹಾಲು ತಗೊಳ್ಳೋದೇ ಇಲ್ಲ ಅಂತಾರೆ.

ವೀಣಾ ಮೇಡಂ: ಅವರ ಜೊತೆ ನಾನೇ ಮಾತಾಡ್ತೀನಿ. ಸಂಜೆ ಹಾಲು ಕರೆಯೋದಕ್ಕೆ ಮುಂಚೆ ಫೋನ್ ಮಾಡಿಸಿ.