ಎಕ್ಸ್‌ಪೈರಿ 06/2026 ಅಂದರೆ ಜೂನ್ 1ಕ್ಕೋ, 30ಕ್ಕೋ?

ಸುಜಾತಾ, ಡೊಂಬಿವಲಿ: ಅಮ್ಮನ ಬಿಪಿ ಮಾತ್ರೆ ಇವತ್ತು, ಜೂನ್ 20ಕ್ಕೆ ತಂದೆ. ಟೆಲ್ಮಿಸಾರ್ಟನ್, ಹತ್ತರ ಮೂರು ಸ್ಟ್ರಿಪ್. ಮನೆಗೆ ಬಂದು ನೋಡಿದರೆ ಎಕ್ಸ್‌ಪೈರಿ 06/2026 ಅಂತಿದೆ, ತಾರೀಕೇ ಇಲ್ಲ. ಇದು ಆಗಲೇ ಮುಗಿದಿದೆಯಾ? ಅಂಗಡಿಯವನು ಮೋಸ ಮಾಡಿದನಾ? ಇಲ್ಲಿ ಫಾರ್ಮಸಿಸ್ಟ್ ಯಾರಾದರೂ ಇದ್ದರೆ ಹೇಳಿ.

ಶ್ರೀಪಾದ ರಾವ್, ಪುಣೆ: ಜೂನ್ ಶುರುವಾದ ಕೂಡಲೇ ಮುಗಿಯಿತಮ್ಮ. ಮೇ 31 ಕೊನೆ. ನನ್ನ ತಮ್ಮ ಲಂಡನ್‌ನಲ್ಲಿದ್ದಾನೆ, ಅಲ್ಲಿನ ಫಾರ್ಮಸಿಯವರೇ ಅವನಿಗೆ ಹೀಗೆ ಹೇಳಿದ್ದಾರೆ. ಹೋಗಿ ವಾಪಸ್ ಕೊಡಿ.

ಗಿರೀಶ್, ಮಾಟುಂಗಾ (ಮೆಡಿಕಲ್ ಅಂಗಡಿ): ಸುಜಾತಾ ಅವರೇ, ಮುಗಿದಿಲ್ಲ. ನಮ್ಮ ದೇಶದ ಔಷಧ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಎಕ್ಸ್‌ಪೈರಿಯನ್ನು ತಿಂಗಳು ಮತ್ತು ವರ್ಷದಲ್ಲಿ ಹಾಕಬೇಕು, ಆ ತಿಂಗಳ ಕೊನೆಯ ದಿನದವರೆಗೆ ಔಷಧ ಬಳಸಬಹುದು. ಅಂದರೆ ಜೂನ್ 30 ರಾತ್ರಿಯವರೆಗೆ ಸರಿ, ಜುಲೈ 1ಕ್ಕೆ ಬೇಡ. ಇವತ್ತು ಮಾರಿದ್ದು ಕಾನೂನಿನ ಪ್ರಕಾರ ತಪ್ಪಲ್ಲ.

ಸ್ಟ್ರಿಪ್‌ನಲ್ಲೇ ಇದಕ್ಕೊಂದು ಸುಳಿವು ಸಿಗುತ್ತದೆ. ತಯಾರಾದ ತಿಂಗಳು ಏನಿದೆ ನೋಡಿ.

ಸುಜಾತಾ: 07/2024.

ಗಿರೀಶ್: ಹಾಗಾದರೆ ಇದಕ್ಕೆ ಕಂಪನಿ ಕೊಟ್ಟಿರುವ ಆಯಸ್ಸು ಎರಡು ವರ್ಷ. 2024ರ ಜುಲೈಯಿಂದ ಎಣಿಸಿ. ಜುಲೈಯೂ ಒಂದು ತಿಂಗಳು ಅಂತ ಸೇರಿಸಿದರೆ 24ನೇ ತಿಂಗಳು 2026ರ ಜೂನ್ ಆಗುತ್ತದೆ. ಅದಕ್ಕೇ 07/2026 ಬದಲು 06/2026 ಅಂತ ಹಾಕಿದ್ದಾರೆ. ಮೇ 31ಕ್ಕೇ ಮುಗಿಯುವ ಹಾಗಿದ್ದರೆ ಒಟ್ಟು 23 ತಿಂಗಳಷ್ಟೇ ಆಗುತ್ತಿತ್ತು. ಎಲ್ಲ ಕಂಪನಿಯವರೂ ಹೀಗೇ ಒಂದು ತಿಂಗಳು ಹಿಂದಕ್ಕೆ ಹಾಕುವುದಿಲ್ಲ, ಆದರೆ ತುಂಬ ಸ್ಟ್ರಿಪ್‌ಗಳಲ್ಲಿ ಈ ಲೆಕ್ಕ ಕಾಣುತ್ತದೆ.

ರಾಯರೇ, ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. ಬ್ರಿಟನ್‌ನ ಕೆಲವು ಪೆಟ್ಟಿಗೆ ಮೇಲೆ ‘ಎಕ್ಸ್‌ಪೈರಿ’ ಬದಲು ‘ಯೂಸ್ ಬಿಫೋರ್’ ಅಂತ ಇರುತ್ತದೆ. ಅದಿದ್ದರೆ ಹಿಂದಿನ ತಿಂಗಳ ಕೊನೆಗೇ ನಿಲ್ಲಿಸಬೇಕು. ‘ಎಕ್ಸ್‌ಪೈರಿ’ ಅಂತಲೇ ಬರೆದಿದ್ದರೆ ಅಲ್ಲೂ ಆ ತಿಂಗಳ ಕೊನೆಯವರೆಗೆ ಸರಿ. ತಮ್ಮ ತಂದುಕೊಟ್ಟ ಪೆಟ್ಟಿಗೆ ಮನೆಯಲ್ಲಿದ್ದರೆ ಅದರ ಮೇಲೆ ಯಾವ ಪದ ಇದೆ ಅಂತ ಒಮ್ಮೆ ನೋಡಿ.

ಶ್ರೀಪಾದ ರಾವ್: ಎರಡು ಪೆಟ್ಟಿಗೆ ಇದೆ. ಒಂದರ ಮೇಲೆ ‘ಯೂಸ್ ಬಿಫೋರ್’, ಇನ್ನೊಂದರ ಮೇಲೆ ‘ಎಕ್ಸ್‌ಪೈರಿ’. ನಾನು ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕುತ್ತಿದ್ದೆ. ಒಂದು ತಿಂಗಳು ಮೊದಲೇ ಬಿಸಾಡಿದರೆ ನಷ್ಟ ದುಡ್ಡಿಗೆ ಮಾತ್ರ ಬಿಡಿ.

ಸುಜಾತಾ: ಗಿರೀಶ್ ಅವರೇ, ಅಂದರೆ ನಿಶ್ಚಿಂತೆಯಿಂದ ಕೊಡಬಹುದು ಅಲ್ವಾ?

ಗಿರೀಶ್: ಮೊದಲ ಸ್ಟ್ರಿಪ್ ಕೊಡಿ, ಉಳಿದ ಎರಡನ್ನು ಬದಲಾಯಿಸಿಕೊಳ್ಳಿ. ಅಂಗಡಿಯವರು ಮಾರಿದ ದಿನವನ್ನು ನೋಡುತ್ತಾರೆ, ನೀವು ಕೊನೆಯ ಮಾತ್ರೆ ನುಂಗುವ ದಿನವನ್ನು ನೋಡಬೇಕು. ದಿನಕ್ಕೊಂದರಂತೆ ಇವತ್ತಿನಿಂದ ಶುರುಮಾಡಿದರೆ ಜೂನ್ 30ರೊಳಗೆ 11 ಮಾತ್ರೆ ಮಾತ್ರ ಆಗುತ್ತದೆ. ಉಳಿದ 19 ಮಾತ್ರೆಗಳಿಗೆ ಜುಲೈ ಬಂದುಬಿಡುತ್ತದೆ, ಕೊನೆಯದು ಜುಲೈ 19ಕ್ಕೆ. ಐದು ದಿನದ ಕೋರ್ಸ್ ಆಗಿದ್ದರೆ ಯೋಚನೆಯೇ ಇರಲಿಲ್ಲ.

ಬಿಲ್ ಮತ್ತು ಕತ್ತರಿಸದ ಸ್ಟ್ರಿಪ್ ತೆಗೆದುಕೊಂಡು ನಾಳೆಯೇ ಹೋಗಿ. ಬಿಲ್‌ನಲ್ಲಿ ಬ್ಯಾಚ್ ನಂಬರ್ ಇದೆಯಾ, ಸ್ಟ್ರಿಪ್‌ನದಕ್ಕೆ ತಾಳೆ ಆಗುತ್ತದೆಯಾ ನೋಡಿಕೊಳ್ಳಿ. ಜಗಳ ಬೇಡ. “ತಿಂಗಳ ಔಷಧ, ಜುಲೈಗೆ ಹೋಗುತ್ತದೆ, ಬೇರೆ ಬ್ಯಾಚ್ ಕೊಡಿ” ಅಂದರೆ ಸಾಕು. ಹಳೆಯ ಸರಕು ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಹೋಗುತ್ತದೆ ಅಂತ ನಮಗೆಲ್ಲ ಗೊತ್ತು. ತಿಂಗಳ ಕೊನೆಗೆ ಒಂದು ಕಪಾಟು ಖಾಲಿ ಮಾಡುವ ಕೆಲಸ ನನಗೂ ಇದೆ. ಆದರೂ ಅವಧಿ ಹತ್ತಿರ ಬಂದ ಸರಕನ್ನು ತಿಂಗಳ ಔಷಧದ ಗಿರಾಕಿಗೆ ಹೇಳದೆ ಕೊಡುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಈ ಮಾತ್ರೆ ತೇವ ಹೀರುತ್ತದೆ. ವಾರದ ಡಬ್ಬಿಗೆ ಏಳೂ ಮಾತ್ರೆ ಬಿಡಿಸಿಟ್ಟರೆ ಮುಂಬೈ ಮಳೆಗಾಲದಲ್ಲಿ ಅದಕ್ಕೆ 06/2026 ಅನ್ನುವ ಭರವಸೆಯೂ ಇರುವುದಿಲ್ಲ. ಎಕ್ಸ್‌ಪೈರಿ ಮಾತು ಕೊಡುವುದು ತೆರೆಯದ ಪ್ಯಾಕಿಗೆ, ಅದೂ ಅದರ ಮೇಲೆ ಬರೆದ ಹಾಗೆ ಇಟ್ಟರೆ. ನುಂಗುವ ಹೊತ್ತಿಗೆ ಬಿಡಿಸಿ ಕೊಡಿ. ಸ್ಟ್ರಿಪ್ ಕತ್ತರಿಸುವಾಗ ತಾರೀಕಿರುವ ತುದಿಯನ್ನು ಕೊನೆಯವರೆಗೆ ಉಳಿಸಿಕೊಳ್ಳಿ. ಎಲ್ಲರೂ ಮೊದಲು ಅದನ್ನೇ ಕತ್ತರಿಸುತ್ತಾರೆ, ಏಕೋ ಗೊತ್ತಿಲ್ಲ.

ವಿನೀತಾ, ಮಡಗಾಂವ್: ಒಳ್ಳೆಯದಾಯಿತು, ತಿಂಗಳ ಕೊನೆಯವರೆಗೆ ನಡೆಯುತ್ತದೆ ಅಂತ ಗೊತ್ತಾಯಿತು. ಫ್ರಿಜ್‌ನಲ್ಲಿರುವ ಪನೀರ್ ಮೇಲೆ ಯೂಸ್ ಬೈ 18/06/26 ಅಂತಿದೆ. ಇನ್ನೂ ಹತ್ತು ದಿನ ಇದೆ ಅಂತಾಯಿತು!

ಗಿರೀಶ್: ಇಲ್ಲ ವಿನೀತಾ ಅವರೇ, ಅದು 18ಕ್ಕೇ ಮುಗಿಯಿತು. ತಿಂಗಳ ಕೊನೆ ಅನ್ನುವ ಲೆಕ್ಕ ದಿನ ಬರೆಯದೇ ಇದ್ದಾಗ ಮಾತ್ರ. ದಿನ ಬರೆದಿದ್ದರೆ ಅದೇ ಕೊನೆಯ ದಿನ. ಪ್ಯಾಕೆಟ್ ಆಹಾರಕ್ಕೆ ಬೇರೆ ನಿಯಮ. ಮೂರು ತಿಂಗಳೊಳಗೆ ಕೆಡುವ ವಸ್ತುವಿಗೆ ದಿನ, ತಿಂಗಳು, ವರ್ಷ ಮೂರೂ ಬೇಕು. ಅದಕ್ಕಿಂತ ಜಾಸ್ತಿ ಬಾಳುವುದಕ್ಕೆ ತಿಂಗಳು, ವರ್ಷ ಸಾಕು. ಪನೀರ್, ಹಾಲು, ಬ್ರೆಡ್ ಮೊದಲ ಗುಂಪಿಗೆ ಸೇರುತ್ತವೆ.

ವಿನೀತಾ: ಓ! ನಮ್ಮ ಅತ್ತೆ ಇಂದು ಬೆಳಿಗ್ಗೆ ಅದರಲ್ಲೇ ಪಲ್ಯ ಮಾಡಿದರು. ವಾಸನೆ ಏನೂ ಇರಲಿಲ್ಲ. ಹಾಗಾದರೆ ಕಡಲೆಹಿಟ್ಟಿನ ಪ್ಯಾಕೆಟ್ ಮೇಲೆ ‘ಬೆಸ್ಟ್ ಬಿಫೋರ್’ ಅಂತಿರುತ್ತದಲ್ಲ, ಅದೂ ಹೀಗೇ ಬಿಸಾಡಬೇಕಾ?

ಗಿರೀಶ್: ಪಲ್ಯ ತಿಂದವರಿಗೆ ಹೊಟ್ಟೆ ಕೆಡಬಹುದು, ಕೆಡದೆಯೂ ಇರಬಹುದು. ವಾಂತಿ, ಭೇದಿ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ‘ಯೂಸ್ ಬೈ’ ಇರುವಲ್ಲಿ ವಾಸನೆ ನೋಡಿ ನಿರ್ಧರಿಸಬೇಡಿ. ರೋಗ ತರುವ ಕ್ರಿಮಿ ಬೆಳೆದರೆ ವಾಸನೆ ಬಂದೇ ಬರಬೇಕು ಅಂತೇನಿಲ್ಲ.

‘ಬೆಸ್ಟ್ ಬಿಫೋರ್’ ಬೇರೆ. ಅದು ರುಚಿ, ಗುಣ ಚೆನ್ನಾಗಿರುವ ಗಡುವು. ಆ ದಿನ ದಾಟಿದ ಕಡಲೆಹಿಟ್ಟು ವಿಷವಾಗುವುದಿಲ್ಲ. ಹುಳ, ಬಲೆ, ಕನರು ಏನಿದೆ ನೋಡಿ. ‘ಪ್ಯಾಕ್ ಮಾಡಿದಂದಿನಿಂದ 9 ತಿಂಗಳು’ ಅಂತಿದ್ದರೆ ಪ್ಯಾಕ್ ದಿನ ಹುಡುಕಿ ಎಣಿಸಿ. 10/01/26ಕ್ಕೆ ಪ್ಯಾಕ್ ಆಗಿದ್ದರೆ ಅಕ್ಟೋಬರ್ 9. ಹತ್ತನೆಯ ದಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಹಿಟ್ಟಿಗಾಗಿ ತಲೆ ಕೆಡಿಸಿಕೊಳ್ಳಬೇಡಿ.

ನಾಗೇಶ್, ಗೋರೆಗಾಂವ್: ಎಕ್ಸ್‌ಪೈರಿಯೇ ಕಂಪನಿಗಳ ಆಟ. ಅಮೆರಿಕದ ಸೈನ್ಯದವರು ಹಳೆಯ ಔಷಧ ಪರೀಕ್ಷೆ ಮಾಡಿಸಿ, ಅವಧಿ ಮುಗಿದ ಮೇಲೂ ತುಂಬಾ ಚೆನ್ನಾಗಿವೆ ಅಂತ ಕಂಡುಕೊಂಡಿದ್ದಾರೆ. ಇಲ್ಲಿ 30ಕ್ಕೆ ಸರಿ, 1ಕ್ಕೆ ಕಸವಾ?

ಗಿರೀಶ್: ಆ ಪರೀಕ್ಷೆ ನಿಜ. ಆದರೆ ಅದು ತೆರೆಯದ ಪ್ಯಾಕ್, ಹದವಾದ ಗೋದಾಮಿನಲ್ಲಿ ಇಟ್ಟದ್ದು, ಬ್ಯಾಚ್ ಬ್ಯಾಚ್ ಆಗಿ ಪರೀಕ್ಷಿಸಿದ್ದು. ನಿಮ್ಮ ಅಡುಗೆಮನೆಯ ಕಪಾಟಿನಲ್ಲಿದ್ದ ಸ್ಟ್ರಿಪ್ ಅನ್ನು ಯಾರು ಪರೀಕ್ಷಿಸುತ್ತಾರೆ? ತಲೆನೋವಿನ ಮಾತ್ರೆ ಕೆಲಸ ಮಾಡದಿದ್ದರೆ ಗೊತ್ತಾಗುತ್ತದೆ. ಬಿಪಿ ಮಾತ್ರೆ ದುರ್ಬಲವಾದರೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಇನ್ಸುಲಿನ್, ಕಣ್ಣಿನ ಹನಿ, ನೀರು ಬೆರೆಸಿದ ಸಿರಪ್ ವಿಷಯದಲ್ಲಂತೂ ಈ ವಾದ ಬೇಡವೇ ಬೇಡ.

ನಾಗೇಶ್: ಒಂದು ದಿನದಲ್ಲಿ ಏನು ಕೆಡುತ್ತದೆ ಅಂತ ನನ್ನ ಪ್ರಶ್ನೆ ಹಾಗೇ ಉಳಿಯಿತು.

ಗಿರೀಶ್: ಒಂದು ದಿನದಲ್ಲಿ ಏನೂ ಕೆಡುವುದಿಲ್ಲ. ಕಂಪನಿ ಜವಾಬ್ದಾರಿ ಹೊರುವುದು 30ರವರೆಗೆ, ಅಷ್ಟೇ. 1ಕ್ಕೆ ನಾನು ಮಾರಿದರೆ ನನ್ನ ಲೈಸೆನ್ಸ್‌ಗೆ ಕುತ್ತು. ನಿಮ್ಮ ಮನೆಯಲ್ಲಿ ನೀವು ಏನು ಮಾಡುತ್ತೀರೋ ಅದು ನಿಮಗೆ ಬಿಟ್ಟದ್ದು.

ಸುಜಾತಾ: ಎರಡು ಸ್ಟ್ರಿಪ್ ಬದಲಾಯಿಸಿ ಕೊಟ್ಟರು, ಹೊಸದಕ್ಕೆ 11/2027 ಇದೆ. ಮೊದಲ ಸ್ಟ್ರಿಪ್‌ನಲ್ಲಿ ಅಮ್ಮ ಆಗಲೇ ಒಂದು ಮಾತ್ರೆ ತೆಗೆದಿದ್ದಾರೆ. ಯಾವ ತುದಿ ಕತ್ತರಿಸಿದರು ಅಂತ ಕೇಳಬೇಡಿ.