‘ನೀವು ಬರಲಿಲ್ಲ’ ಅನ್ನದೆ ಅದನ್ನೇ ಹೇಳೋದು ಹೇಗೆ?

ಹುಬ್ಬಳ್ಳಿಯಿಂದ, ಕೇಳಿದವರು:

ನಮ್ಮದು ಸಣ್ಣ ಆಫೀಸು. ದಲಾಲಿ ಅಂಗಡಿಗಳಿಗೆ ಬಿಲ್ಲು, ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮೊನ್ನೆ ಸೋಮವಾರ ಬೆಳಿಗ್ಗೆ 11ಕ್ಕೆ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಜೊತೆ ವಿಡಿಯೋ ಕಾಲ್ ಇತ್ತು. ಅವರು ಬರಲಿಲ್ಲ. ನಮಗೇನೂ ಸಿಟ್ಟಿಲ್ಲ. ಆರಾಮ ಇದ್ದಾರಾ ಅಂತ ಕೇಳಿ ಇನ್ನೊಂದು ಟೈಮ್ ಹೇಳಬೇಕು, ಅಷ್ಟೇ. ನಾನು ಬರೆದ ಮೇಲ್ ಹೀಗಿತ್ತು:

“ನಮಸ್ಕಾರ. ಸೋಮವಾರ 11 ಗಂಟೆಗೆ ನಿಗದಿಯಾಗಿದ್ದ ಮೀಟಿಂಗ್‌ಗೆ ನೀವು ಬರಲೇ ಇಲ್ಲ. ಅರ್ಧ ಗಂಟೆ ಕಾದೆವು. ಫೋನ್ ಮಾಡಿದರೂ ಎತ್ತಲಿಲ್ಲ. ಆರಾಮ ಇದ್ದೀರಲ್ಲ? ನಿಮಗೆ ಮತ್ತೆ ಸಮಯ ಕೊಡುತ್ತೇವೆ, ತಿಳಿಸಿ.”

ಪಕ್ಕದ ಟೇಬಲ್ಲಿನವರು ಓದಿ, “ಇದೇನ್ ಬ್ಯಾಂಕಿನ ನೋಟಿಸ್ ಇದ್ದಂಗೈತಲ್ಲ” ಅಂದರು. ಒಂದು ಸಾಲೂ ಸುಳ್ಳಲ್ಲ, ಬೈದಿದ್ದೂ ಇಲ್ಲ. ಹಾಗಾದರೆ ಚುಚ್ಚುತ್ತಿರೋದು ಯಾವ ಪದ? ‘ಬರಲಿಲ್ಲ’ ಬದಲು ಏನು ಬರೆಯಲಿ? ‘ಸ್ಲಾಟ್’ಗೆ ಒಳ್ಳೆ ಪದ ಇದ್ದರೆ ಅದನ್ನೂ ಹೇಳಿ.

ಗದಗಿನಿಂದ:

ತಕರಾರು ಕನ್ನಡದ್ದೇ. ಮಾಡಿದವರನ್ನು ಮರೆಮಾಡಿ ಬರೆಯಬೇಕು ಅಂದರೆ ಕರ್ಮಣಿ ಪ್ರಯೋಗ ಬೇಕು. ನಮ್ಮಲ್ಲಿ ‘ಪಡು’ ಹಚ್ಚಿದ ಕೂಡಲೇ ಸರಕಾರಿ ಕಾಗದ ಆಗಿಬಿಡುತ್ತದೆ. ಹಾಗಾಗಿ ‘ನೀವು’ ಬಿಟ್ಟು ಬರೆಯೋ ದಾರಿ ಇಲ್ಲ. ‘ಗೈರುಹಾಜರಾಗಿದ್ದಿರಿ’ ಅನ್ನಿ. ಮರ್ಯಾದೆಯ ಮಾತು, ಅಧಿಕೃತವಾಗಿಯೂ ಇರುತ್ತದೆ.

ಧಾರವಾಡದಿಂದ, ಬಹಳ ವರ್ಷ ವ್ಯಾಕರಣ ಪಾಠ ಮಾಡಿದವರು:

‘ಪಡು’ ಬಗ್ಗೆ ಹೇಳಿದ್ದು ಸರಿ. ಆದರೆ ‘ಬರು’ ಅಕರ್ಮಕ. ಅದಕ್ಕೆ ‘ಪಡು’ ಹತ್ತೋದೇ ಇಲ್ಲ, ಆ ಮಾತು ಇಲ್ಲಿ ಬೇಡ. ದಾರಿ ಇಲ್ಲ ಅನ್ನೋದನ್ನ ಮಾತ್ರ ನಾನು ಒಪ್ಪುವುದಿಲ್ಲ. ಕನ್ನಡಕ್ಕೆ ‘ಆಗು’ ಇದೆ. “ಸೋಮವಾರ ನಮ್ಮ ಮಾತುಕತೆ ಆಗಲಿಲ್ಲ” ಅಂದರೆ ಮುಗಿಯಿತು. ಆಗದೆ ಇದ್ದದ್ದು ಮಾತುಕತೆ. ಯಾರಿಂದ ಅನ್ನೋ ಪ್ರಶ್ನೆ ಆ ವಾಕ್ಯದಲ್ಲಿ ಏಳೋದೇ ಇಲ್ಲ. ‘ನಮ್ಮ’ ಅಂದಿದ್ದರಿಂದ ಇಬ್ಬರೂ ಒಂದೇ ಕಡೆ ನಿಂತ ಹಾಗೂ ಆಯಿತು.

‘ಗೈರುಹಾಜರು’ ಖಂಡಿತ ಬೇಡ. ಅದು ಹಾಜರಿ ಪುಸ್ತಕದ ಮಾತು. ಹಾಜರಿ ತಗೊಳ್ಳುವವರು ಮೇಲೆ, ಕೊಡುವವರು ಕೆಳಗೆ.

ಇನ್ನು ಚುಚ್ಚುವ ಪದ ಯಾವುದು ಅಂತ ಕೇಳಿದ್ದೀರಿ. ‘ಬರಲಿಲ್ಲ’ ಪಾಪ, ಏನೂ ಮಾಡಿಲ್ಲ. ನಾನು ಬರಲಿಲ್ಲ, ನೀವು ಬರಲಿಲ್ಲ, ಅವರು ಬರಲಿಲ್ಲ, ಎಲ್ಲಕ್ಕೂ ಅದು ಒಂದೇ ರೂಪ. ‘ಬಂದಿರಿ’ ಅನ್ನುವುದರಲ್ಲಿ ‘ಇರಿ’ ಕೂತು ಇದು ನಿಮ್ಮದೇ ಅಂತ ತೋರಿಸುತ್ತದೆ. ‘ಬರಲಿಲ್ಲ’ದಲ್ಲಿ ಅದಿಲ್ಲ. ಗೀರುವುದು ಅಕ್ಕಪಕ್ಕದ ಸಣ್ಣ ಅಕ್ಷರಗಳು. ‘ಬರಲೇ ಇಲ್ಲ’ ಅನ್ನುವಾಗಿನ ‘ಏ’ ನೋಡಿ. ಬರುತ್ತೀರಿ ಅಂತ ಕೊನೇ ತನಕ ನಂಬಿದ್ದೆವು, ನೀವು ಆ ನಂಬಿಕೆ ಕೆಡಿಸಿದಿರಿ ಅನ್ನೋದೆಲ್ಲ ಅದರೊಳಗಿದೆ. ‘ಮಾಡಿದರೂ’ ಅನ್ನುವ ‘ಊ’ ಹಾಗೇ. ನಾವು ನಮ್ಮ ಕೆಲಸ ಮಾಡಿದೆವು, ನೀವು ಮಾಡಲಿಲ್ಲ ಅನ್ನೋ ತಕ್ಕಡಿ. ಈ ಎರಡು ಅಕ್ಷರ ತೆಗೆದರೆ ಅರ್ಧ ನೋಟಿಸ್ ಹೋಯಿತು.

ರಾಣೆಬೆನ್ನೂರಿನಿಂದ:

ನಮ್ಮ ತಂಗಿಯನ್ನು ನೋಡೋಕೆ ಗಂಡಿನ ಕಡೆಯವರು ಬರುತ್ತೇವೆ ಅಂದು ಬರಲಿಲ್ಲ. ಅವಲಕ್ಕಿ, ಚಹಾ ಎಲ್ಲ ತಯಾರಿತ್ತು. ನಮ್ಮ ಕಾಕಾ ಅವರಿಗೆ, “ನಿಮ್ಮ ಹಾದಿ ನೋಡಿ ನೋಡಿ ಸಾಕಾತ್ರಿ” ಅಂತ ಮೆಸೇಜ್ ಹಾಕಿದರು. ಪ್ರೀತಿಯಿಂದಲೇ ಹಾಕಿದ್ದು! ಅವರು ಇವತ್ತಿಗೂ ಅದನ್ನ ಆಡಿಕೊಳ್ಳುತ್ತಾರೆ. ಆದ್ದರಿಂದ ಮೇಲ್ ಬೇಡ, ಫೋನೇ ಮಾಡಿ.

ಧಾರವಾಡದವರು ಮತ್ತೆ:

ನಿಮ್ಮ ಕಾಕಾನ ಮಾತು ಇಲ್ಲಿಗೆ ಚಲೋ ಹೊಂದುತ್ತದೆ. ‘ಹಾದಿ ನೋಡ್ತೀವಿ’ ಅಂದರೆ ಕರೆಯುವ ಮಾತು, ಬಾಯಿ ತುಂಬ ಹೇಳಬಹುದು. ಅದನ್ನೇ ‘ಹಾದಿ ನೋಡಿದೆವು’ ಅಂದರೆ ದೂರು. ಕಾಯುವ ಮಾತು ಮುಂದಿನದಕ್ಕೆ ಸರಿ, ಹಿಂದಿನದಕ್ಕೆ ಬೇಡ. ‘ಅರ್ಧ ಗಂಟೆ ಕಾದೆವು’ ಅನ್ನೋ ಸಾಲು ತೆಗೆಯಿರಿ. ಆ ಲೆಕ್ಕ ಅವರಿಗೆ ಯಾಕೆ ಬೇಕು?

‘ಆರಾಮ ಇದ್ದೀರಲ್ಲ?’ ಕೂಡ ಒಳ್ಳೆಯ ಮಾತೇ, ಕೂತ ಜಾಗ ಕೆಟ್ಟದ್ದು. ನಮಸ್ಕಾರ ಆದ ಮೇಲೆ ಬಂದರೆ ಕ್ಷೇಮ ವಿಚಾರಣೆ. ‘ಬರಲಿಲ್ಲ, ಎತ್ತಲಿಲ್ಲ’ ಆದ ಮೇಲೆ ಬಂದರೆ, ಹಾಸಿಗೆ ಹಿಡಿದಿದ್ದರೆ ಮಾತ್ರ ಮಾಫಿ ಅಂದ ಹಾಗೆ ಕೇಳಿಸುತ್ತದೆ. ಮೇಲಕ್ಕೆ ಎತ್ತಿಡಿ.

ಕಾರಣ ಕೇಳಲೂ ಬೇಡಿ. ‘ಏನಾಗಿತ್ತು?’ ಅಂದರೆ ಉತ್ತರ ಕೊಡಲೇಬೇಕು. ‘ಏನೋ ಕೆಲಸ ಬಂದಿರಬೇಕು’ ಅಂದರೆ ಕಾರಣವನ್ನು ನೀವೇ ಅವರ ಕೈಗಿಟ್ಟ ಹಾಗೆ, ಅವರು ಹೌದು ಅಂದರೆ ಸಾಕು. ‘ಮರೆತಿರಬೇಕು’ ಅಂತ ಮಾತ್ರ ಬರೆಯಬೇಡಿ. ಕೆಲಸ ತಾನಾಗಿ ಬರುತ್ತದೆ, ಮರೆಯುವುದು ಅವರೇ ಅಲ್ವಾ?

‘ಸ್ಲಾಟ್’ಗೆ ಪದ ಹುಡುಕುವುದೇ ಬೇಡ, ಗಂಟೆ ಹೇಳಿಬಿಡಿ. ‘ಇಂಥ ದಿನ 4ಕ್ಕೆ ಆದೀತೇ?’ ಈ ‘ಆದೀತು’ ನಮ್ಮ ಕಡೆ ದಿನಾ ಬಳಸುವ ರೂಪ, ಇಲ್ಲ ಅನ್ನಲೂ ಜಾಗ ಬಿಡುತ್ತದೆ. ‘ಸಮಯ ಕೊಡುತ್ತೇವೆ’ ಅಂದರೆ ನೀವು ಸಾಹೇಬರಾದಿರಿ. ‘ಇಟ್ಟುಕೊಳ್ಳೋಣ’ ಅಂದರೆ ಇಬ್ಬರೂ ಸೇರಿದಿರಿ. ‘ಮತ್ತೆ’ ಹೋಗಲಿ. ಇದು ಎರಡನೇ ಸಲ ಅಂತ ನೆನಪು ಮಾಡೋದೊಂದೇ ಅದರ ಕೆಲಸ.

ಹಾವೇರಿಯಿಂದ:

ವ್ಯಾಕರಣ ನನಗೆ ತಿಳಿಯದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಟೆಂಡರ್. ಆ ಹೊತ್ತಿಗೆ ಅವರು ಚೀಲದ ನಡುವೆ ನಿಂತಿರುತ್ತಾರೆ, ಫೋನ್ ಎಲ್ಲಿ ಕೇಳಿಸಬೇಕು? ಸೋಮವಾರ 11ಕ್ಕೆ ಯಾರು ಇಟ್ಟರು? ಇನ್ನೊಮ್ಮೆ ಗುರುವಾರ ಹೇಳಿಬಿಟ್ಟೀರಿ.

ಹುಬ್ಬಳ್ಳಿಯವರು:

ಹಾವೇರಿಯವರ ಮಾತು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ‘ಏನೋ ಕೆಲಸ’ ಅನ್ನುವುದಕ್ಕಿಂತ ಅವರ ಕೆಲಸದ ಹೆಸರನ್ನೇ ಹೇಳಬಹುದಲ್ಲ. ಈಗ ಹೀಗಿದೆ:

“ನಮಸ್ಕಾರ, ಆರಾಮ ಇದ್ದೀರಲ್ಲ? ಸೋಮವಾರ ನಮ್ಮ ಮಾತುಕತೆ ಆಗಲಿಲ್ಲ. ಟೆಂಡರಿನ ಗಡಿಬಿಡಿ ಇದ್ದಿರಬೇಕು. ಶುಕ್ರವಾರ ಸಂಜೆ 4ಕ್ಕೆ ಆದೀತೇ? ಇಲ್ಲವಾದರೆ ಶನಿವಾರ ಬೆಳಿಗ್ಗೆ 10ಕ್ಕೆ ಇಟ್ಟುಕೊಳ್ಳೋಣ. ಎರಡೂ ಆಗದಿದ್ದರೆ ನಿಮಗೆ ಸರಿಹೋಗುವ ಹೊತ್ತು ತಿಳಿಸಿ.”

‘ಆಗಲಿಲ್ಲ’ ಬದಲು ‘ಭೇಟಿ ತಪ್ಪಿತು’ ಅಂತ ಹಾಕಬೇಕು ಅಂತ ನಮ್ಮ ಆಫೀಸಿನಲ್ಲಿ ಒಬ್ಬರು ಹಟ ಹಿಡಿದಿದ್ದಾರೆ. ಹಾಕಲೇ?

ಗದಗಿನಿಂದ:

ಹಾಕಬೇಡಿ. ‘ತಪ್ಪು’ ಅಂತ ಕಣ್ಣಿಗೆ ಬಿದ್ದರೆ ಸಾಕು, ಯಾರದು ಅಂತ ಹುಡುಕೋಕೆ ಶುರು ಮಾಡುತ್ತಾರೆ.

ಧಾರವಾಡದವರು:

ಹಾಗೇನೂ ಇಲ್ಲ. ಬಸ್ಸು ತಪ್ಪಿತು ಅಂದರೆ ಬಸ್ಸಿನ ತಪ್ಪೇ? ‘ತಪ್ಪಿಸಿದಿರಿ’ ಅಂದರೆ ಬೇಕಂತಲೇ ಮಾಡಿದ್ದು, ‘ತಪ್ಪಿತು’ ಅಂದರೆ ತಾನಾಗಿ ಆದದ್ದು. ನಾನಾದರೆ ಧೈರ್ಯವಾಗಿ ಹಾಕುತ್ತೇನೆ.

ಗದಗಿನಿಂದ:

ನಿಮಗೆ ಪಾಠ ಮಾಡಿ ರೂಢಿ, ವ್ಯಾಪಾರಿ ಒಂದೇ ನೋಟಕ್ಕೆ ಓದಿ ಮುಂದೆ ಹೋಗುತ್ತಾರೆ. ಅದಿರಲಿ, ಮೇಲಿನ ‘ವಿಷಯ’ದ ಸಾಲಿನಲ್ಲಿ ಏನಿದೆ? ಅಲ್ಲಿ ಇನ್ನೂ ‘ಸೋಮವಾರದ ಮೀಟಿಂಗ್ ಕುರಿತು’ ಅಂತಲೇ ಇದ್ದರೆ ಒಳಗೆ ಎಷ್ಟು ತಿದ್ದಿದರೂ ಅಷ್ಟೇ. ‘ಶುಕ್ರವಾರ 4ಕ್ಕೆ ಮಾತಾಡೋಣವೇ’ ಅಂತ ಬದಲಿಸಿ ಕಳಿಸಿ.